ತೆರಿಗೆ ಏರಿಸಿದಷ್ಟೂ ಬೊಕ್ಕಸ ತುಂಬುವುದೇ?

ತೆರಿಗೆ ಸೊನ್ನೆಯಾದರೆ ಸರ್ಕಾರಕ್ಕೆ ಬರುವ ಹಣವೂ ಸೊನ್ನೆ. ದುಡಿದದ್ದನ್ನೆಲ್ಲ ತೆರಿಗೆಯಾಗಿ ಕಿತ್ತುಕೊಂಡರೆ ಯಾರೂ ದುಡಿಯುವುದಿಲ್ಲ, ಆಗಲೂ ಬರುವುದು ಸೊನ್ನೆಯೇ. ಇವೆರಡರ ನಡುವೆ ಆದಾಯ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಗುಡ್ಡದ ಆಕಾರದ ಈ ರೇಖೆಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಲ್ಯಾಫರ್ ಅವರ ಹೆಸರು ಅಂಟಿಕೊಂಡಿದೆ. ಗುಡ್ಡ ಇದೆ ಎನ್ನುವುದರ ಬಗ್ಗೆ ಹೆಚ್ಚು ಜಗಳವಿಲ್ಲ. ಅದರ ನೆತ್ತಿ ಎಲ್ಲಿದೆ ಎನ್ನುವುದೇ ಪ್ರಶ್ನೆ. ಅದನ್ನು ನಾವೇ ಲೆಕ್ಕ ಹಾಕಿ ನೋಡಬಹುದು.

ಗಂಟೆಗೆ 200 ರೂಪಾಯಿ ಗಳಿಸುವ ಒಬ್ಬರಿದ್ದಾರೆ ಎಂದುಕೊಳ್ಳೋಣ. ತೆರಿಗೆಯೇ ಇಲ್ಲದಿದ್ದರೆ ಅವರು ತಿಂಗಳಿಗೆ 200 ಗಂಟೆ ದುಡಿದು 40,000 ರೂಪಾಯಿ ಸಂಪಾದಿಸುತ್ತಾರೆ. ತೆರಿಗೆ ಏರಿದಂತೆ ಕೈಗೆ ಉಳಿಯುವ ಕೂಲಿ ಕಡಿಮೆಯಾಗುತ್ತದೆ, ಅವರು ದುಡಿಯುವ ಗಂಟೆಗಳೂ ಕಡಿಮೆಯಾಗುತ್ತವೆ. ಎಷ್ಟು ಕಡಿಮೆ? ಕೈಗೆ ಉಳಿಯುವ ಕೂಲಿ ಶೇ 10ರಷ್ಟು ಇಳಿದರೆ ದುಡಿಮೆ ಸುಮಾರು ಶೇ 5ರಷ್ಟು ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಅರ್ಥಶಾಸ್ತ್ರದಲ್ಲಿ ಈ ಸ್ಪಂದನೆಯ ಅಳತೆಯನ್ನು ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ. ಇಲ್ಲಿ ಅದು 0.5.

ತೆರಿಗೆ ಶೇ 20 ಇದ್ದಾಗ ಅವರು ಸುಮಾರು 179 ಗಂಟೆ ದುಡಿಯುತ್ತಾರೆ, ಸರ್ಕಾರಕ್ಕೆ 7,155 ರೂಪಾಯಿ ಬರುತ್ತದೆ. ಶೇ 40 ಆದರೆ 12,394, ಶೇ 60 ಆದರೆ 15,179. ಶೇ 80ಕ್ಕೆ ಹೋದರೆ ದುಡಿಮೆ 89 ಗಂಟೆಗೆ ಕುಸಿದು, ತೆರಿಗೆಯೂ 14,311ಕ್ಕೆ ಇಳಿಯುತ್ತದೆ. ಅಂದರೆ ನೆತ್ತಿ 60 ಮತ್ತು 80ರ ನಡುವೆ ಎಲ್ಲೋ ಇದೆ. ಸೊನ್ನೆಯಿಂದ ನೂರರವರೆಗೆ ಒಂದೊಂದು ದರವನ್ನೂ ಪರೀಕ್ಷಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಹುದು:

```python
e = 0.5
def tax(p):
    t = p / 100
    return 40000 * t * (1 - t)**e
print(max(range(101), key=tax))
```

ಉತ್ತರ 67. ಹತ್ತು ಹತ್ತರ ಹೆಜ್ಜೆಯಲ್ಲಿ ಹುಡುಕಿದ್ದರೆ 70 ಎಂದು ಬರುತ್ತಿತ್ತು. ಆದ್ದರಿಂದ ಹೆಜ್ಜೆಯನ್ನು ಕಿರಿದು ಮಾಡುತ್ತಾ ಹೋಗಿ, ಉತ್ತರ ಒಂದು ಕಡೆ ನಿಲ್ಲುತ್ತದೆಯೇ ಎಂದು ನೋಡಬೇಕು. ಈ ಮಾದರಿಯಲ್ಲಿ ಇನ್ನೊಂದು ಪರೀಕ್ಷೆಯೂ ಇದೆ. ಸ್ಥಿತಿಸ್ಥಾಪಕತ್ವಕ್ಕೆ ಒಂದನ್ನು ಕೂಡಿಸಿ, ಬಂದದ್ದರಿಂದ ಒಂದನ್ನು ಭಾಗಿಸಿದರೆ ನೆತ್ತಿಯ ದರ ಸಿಗುತ್ತದೆ. 1ನ್ನು 1.5ರಿಂದ ಭಾಗಿಸಿದರೆ 0.667, ಕಂಪ್ಯೂಟರ್ ಕೊಟ್ಟ ಉತ್ತರಕ್ಕೆ ಸರಿಹೊಂದುತ್ತದೆ.

ಆದರೆ ಆ 0.5 ನಾವು ಊಹಿಸಿ ಇಟ್ಟ ಸಂಖ್ಯೆ. ಅದನ್ನು 0.25 ಮಾಡಿದರೆ ನೆತ್ತಿ ಶೇ 80ಕ್ಕೆ ಏರುತ್ತದೆ, 1 ಮಾಡಿದರೆ ಶೇ 50ಕ್ಕೆ ಇಳಿಯುತ್ತದೆ. ತೆರಿಗೆಯ ಚರ್ಚೆಯಲ್ಲಿ ಯಾರಾದರೂ ಒಂದು ದರವನ್ನು ಖಚಿತವಾಗಿ ಹೇಳಿದರೆ, ಅದರ ಹಿಂದೆ ಯಾವ ಸ್ಥಿತಿಸ್ಥಾಪಕತ್ವವಿದೆ ಎಂದು ಕೇಳಲೇಬೇಕು.

ನಮ್ಮ ದೇಶದ್ದೇ ಒಂದು ಉದಾಹರಣೆ ನೋಡೋಣ. 1973–74ರಲ್ಲಿ ಎರಡು ಲಕ್ಷ ರೂಪಾಯಿ ಮೀರಿದ ವರಮಾನದ ಮೇಲೆ ಸರ್ಚಾರ್ಜ್ ಸೇರಿ ಶೇ 97.75 ತೆರಿಗೆ ಇತ್ತು. ಮರುವರ್ಷ ಗರಿಷ್ಠ ದರವನ್ನು ಶೇ 77ಕ್ಕೆ ಇಳಿಸಲಾಯಿತು. ಜನ ಬಹಳ ಕಡಿಮೆ ಸ್ಪಂದಿಸುತ್ತಾರೆ ಎಂದು 0.25ನ್ನೇ ಇಟ್ಟು ಲೆಕ್ಕ ಹಾಕಿದರೂ, ತೆರಿಗೆಯಿಲ್ಲದೆ 100 ರೂಪಾಯಿ ಆಗುತ್ತಿದ್ದ ಗಳಿಕೆಯಿಂದ ಹಳೆಯ ದರಕ್ಕೆ ಸಿಗುವುದು ಸುಮಾರು 38 ರೂಪಾಯಿ, ಹೊಸ ದರಕ್ಕೆ 53. ಇದು ಮಾದರಿಯ ಲೆಕ್ಕವೇ ಹೊರತು ನಿಜವಾಗಿ ವಸೂಲಾದ ಮೊತ್ತವಲ್ಲ. ನಿಜ ಜೀವನದಲ್ಲಿ ಜನ ದುಡಿಮೆ ಬಿಡುವುದಕ್ಕಿಂತ ಆದಾಯ ಮುಚ್ಚಿಡುವುದೇ ಸುಲಭ. ಅತಿಯಾದ ದರವೇ ತೆರಿಗೆಗಳ್ಳತನಕ್ಕೆ ಒಂದು ಮುಖ್ಯ ಕಾರಣ ಎಂದು ವಾಂಚೂ ಸಮಿತಿ 1971ರಲ್ಲೇ ಹೇಳಿತ್ತು. ಮಾದರಿಗೆ ಇನ್ನೊಂದು ಮಿತಿಯೂ ಇದೆ: ಮನೆ ಸಾಲದ ಕಂತು ಕಟ್ಟಬೇಕಾದವರು ತೆರಿಗೆ ಏರಿದಾಗ ಇನ್ನೂ ಹೆಚ್ಚು ದುಡಿಯಲೂಬಹುದು.

ಇಷ್ಟಾದರೂ ನೆತ್ತಿಯ ದರವನ್ನೇ ಗುರಿಯಾಗಿಸಿಕೊಳ್ಳಬಾರದು. ಗುಡ್ಡದ ನೆತ್ತಿ ಚಪ್ಪಟೆಯಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ದರವನ್ನು ಶೇ 60ರಿಂದ 67ಕ್ಕೆ ಏರಿಸಿದರೆ ಸರ್ಕಾರಕ್ಕೆ ತಿಂಗಳಿಗೆ ಸಿಗುವುದು ಬರೀ 216 ರೂಪಾಯಿ ಹೆಚ್ಚು. ದುಡಿಯುವವರ ಕೈಗೆ ಬರುವ ಹಣ ಮಾತ್ರ 10,119ರಿಂದ 7,583ಕ್ಕೆ, ಅಂದರೆ ಎರಡೂವರೆ ಸಾವಿರಕ್ಕೂ ಹೆಚ್ಚು ಇಳಿಯುತ್ತದೆ. ಬದಲಿಗೆ ಅವರಿಗೆ ಸಿಗುವುದು ಸುಮಾರು 12 ಗಂಟೆಯ ಬಿಡುವು. ನೆತ್ತಿಯ ಆಚೆಗಿನ ದರ ಇಬ್ಬರಿಗೂ ನಷ್ಟ, ಆದ್ದರಿಂದ ಅದನ್ನು ಸಮರ್ಥಿಸುವುದು ಕಷ್ಟ. ನೆತ್ತಿಯ ಈಚೆಗೆ ಎಲ್ಲಿ ನಿಲ್ಲಬೇಕು ಎನ್ನುವುದನ್ನು ರೇಖೆ ಹೇಳುವುದಿಲ್ಲ. ಆ 216 ರೂಪಾಯಿಯಿಂದ ಸರ್ಕಾರ ಮಾಡುವ ಕೆಲಸ ಒಂದು ಮನೆಯ ಎರಡೂವರೆ ಸಾವಿರಕ್ಕೆ ಸಾಟಿಯೇ ಎಂಬುದನ್ನು ನಾವೇ ತೂಗಿ ನೋಡಬೇಕು.