ಸಾಲಿಗೆ ಸೇರಿಹೋಗುವ ಕೋಷ್ಟಕ

ವಿಕಿಪೀಡಿಯದಲ್ಲಿ ಕರ್ನಾಟಕದ 31 ಜಿಲ್ಲೆಗಳ ಕೋಷ್ಟಕವನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಜಿಲ್ಲೆ, ವಿಸ್ತೀರ್ಣ, ಜನಸಂಖ್ಯೆ ಎಲ್ಲವೂ ಒಂದೇ ಸಾಲಿಗೆ ಒತ್ತಿಕೊಳ್ಳುತ್ತವೆ. ಕಾಪಿ ಮಾಡಿದಾಗ ಬ್ರೌಸರ್ ಎರಡು ಪ್ರತಿ ಇಟ್ಟುಕೊಳ್ಳುತ್ತದೆ: ಕೋಷ್ಟಕದ ರಚನೆಯಿರುವ ಎಚ್‌ಟಿಎಂಎಲ್ ಒಂದು, ಬರೀ ಪಠ್ಯ ಇನ್ನೊಂದು. ಪಠ್ಯದಲ್ಲಿ ಕೋಶಗಳ ನಡುವೆ ಉಳಿಯುವುದು ಟ್ಯಾಬ್ ಮಾತ್ರ. ಅದನ್ನು ಸಾಮಾನ್ಯ ಖಾಲಿ ಜಾಗವಾಗಿಸುವ ಆ್ಯಪ್‌ನಲ್ಲಿ ‘ಉತ್ತರ ಕನ್ನಡ’ ಒಂದು ಕೋಶವೋ ಎರಡೋ ತಿಳಿಯುವುದಿಲ್ಲ. ಆಮೇಲೆ ಅಲ್ಲಿಂದ ಎತ್ತಿ ಎಕ್ಸೆಲ್‌ಗೆ ಹಾಕಿ ಪ್ರಯೋಜನವಿಲ್ಲ. ಮೂಲ ಪುಟದಿಂದ ನೇರವಾಗಿ ಎಕ್ಸೆಲ್‌ಗೇ ಹಾಕಬೇಕು.

ಗೂಗಲ್ ಶೀಟ್ಸ್‌ನಲ್ಲಾದರೆ ಕಾಪಿಯೂ ಬೇಡ. A1ರಲ್ಲಿ ಪುಟದ ವಿಳಾಸ ಇಟ್ಟು, A3ರಲ್ಲಿ ಹೀಗೆ ಬರೆಯಿರಿ:

```
=IMPORTHTML(A1,"table",1)
```

ಬೇರೆ ಕೋಷ್ಟಕ ಬಂದರೆ 1ರ ಬದಲು 2, 3 ಹಾಕಿ ನೋಡಿ. ವಿಕಿಪೀಡಿಯದಲ್ಲಿ ಬದಿಯ ಮಾಹಿತಿ ಚೌಕವೂ ಕೋಷ್ಟಕವೆಂದೇ ಲೆಕ್ಕ, ಹಾಗಾಗಿ ಮೊದಲ ಸಲಕ್ಕೆ ಸಿಗುವುದು ಅಪರೂಪ.

ಎಕ್ಸೆಲ್‌ಗೆ ಹಾಕಿದ ಮೇಲೆ ಸಾಲು ಎಣಿಸಿ. ಶೀರ್ಷಿಕೆ ಬಿಟ್ಟು 31ಕ್ಕಿಂತ ಹೆಚ್ಚಿದ್ದರೆ, ಯಾವುದೋ ಕೋಶದೊಳಗೆ `<br>` ಇದ್ದು ಅದು ಎರಡು ಸಾಲಾಗಿ ಒಡೆದಿರಬಹುದು. ಕೆಲವು ತಾಣಗಳು ಕೋಷ್ಟಕದಂತೆ ಕಾಣುವುದನ್ನು `<div>`ಗಳಿಂದ ಕಟ್ಟಿರುತ್ತವೆ. ಅಲ್ಲಿ ಈ ಸೂತ್ರಕ್ಕೆ ಹಿಡಿಯಲು ಕೋಷ್ಟಕವೇ ಇರುವುದಿಲ್ಲ.