ಟೋಪಿಗೆ ಅನುಮತಿ ಕೇಳುವ ಪತ್ರ

ಒಂಬತ್ತು ವರ್ಷದ ಹುಡುಗಿ, ನಾಲ್ಕನೇ ತರಗತಿ. ಬೇಸಿಗೆ ರಜೆಯಲ್ಲಿ ಒಂದು ದಿನ ಜಡೆ ಹಾಕುತ್ತಿದ್ದ ತಾಯಿಯ ಬೆರಳಿಗೆ ಎಡಗಿವಿಯ ಮೇಲ್ಗಡೆ ಒಂದು ರೂಪಾಯಿ ನಾಣ್ಯದಷ್ಟು ನುಣುಪು ಜಾಗ ತಗುಲಿತು. ಅಲ್ಲಿ ಒಂದು ಎಳೆ ಕೂದಲೂ ಇರಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಅಂಥವು ಮೂರಾದವು. ನೆತ್ತಿಯ ಮೇಲಿನದು ಅರ್ಧ ಅಂಗೈಯಷ್ಟು ಅಗಲವಾಗಿತ್ತು, ಹೇಗೆ ಬಾಚಿದರೂ ಮುಚ್ಚುತ್ತಿರಲಿಲ್ಲ. ತಂದೆ ತರಗತಿ ಶಿಕ್ಷಕಿಗೆ ಒಂದು ಚೀಟಿ ಬರೆದು ಕಳುಹಿಸಿದರು: 'ನನ್ನ ಮಗಳಿಗೆ ಕೂದಲು ಉದುರುವ ಕಾಯಿಲೆ ಇರುವುದರಿಂದ ಟೋಪಿ ಧರಿಸಲು ಅನುಮತಿ ನೀಡಬೇಕಾಗಿ ವಿನಂತಿ.' ಮರುದಿನ ಹುಡುಗಿ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತಳು. ಚೀಟಿಯ ಹಿಂಬದಿಯಲ್ಲಿ 'ಮೊದಲು ವಾಸಿ ಮಾಡಿಸಿ ಕಳುಹಿಸಿ' ಎಂಬ ಉತ್ತರವಿತ್ತು.

ಆ ಚೀಟಿ ಹಿಡಿದುಕೊಂಡೇ ಅವರು ನನ್ನ ಬಳಿ ಬಂದರು. ಚರ್ಮರೋಗ ವೈದ್ಯನಾಗಿ ಇಂಥ ಪತ್ರ ಬರೆಯಲು ಎಷ್ಟೋ ತಂದೆತಾಯಿಗಳ ಜೊತೆ ಕುಳಿತಿದ್ದೇನೆ, ಹಾಗಾಗಿ ಎಲ್ಲಿ ಎಡವಟ್ಟಾಗಿದೆ ಎಂಬುದು ಓದಿದ ಕೂಡಲೇ ತಿಳಿಯಿತು. 'ಕಾಯಿಲೆ' ಎಂಬ ಮಾತು ಓದಿದ ಶಿಕ್ಷಕಿಗೆ ಹುಳಕಡ್ಡಿ ನೆನಪಾಗಿದೆ. ಆ ಅನುಮಾನ ತಪ್ಪೇನಲ್ಲ. ತಲೆಯ ಹುಳಕಡ್ಡಿ ಶಿಲೀಂಧ್ರದ ಸೋಂಕು. ಅದೂ ಮಕ್ಕಳಿಗೇ ಹೆಚ್ಚು ಬರುತ್ತದೆ, ದುಂಡಗಿನ ಬೋಳು ಮಾಡುತ್ತದೆ, ಬಾಚಣಿಗೆಯಿಂದಲೂ ಟೋಪಿಯಿಂದಲೂ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ನಲವತ್ತು ಮಕ್ಕಳ ಹೊಣೆ ಹೊತ್ತವರು ಅದಕ್ಕೆ ಹೆದರಲೇಬೇಕು. ಆದ್ದರಿಂದ ಟೋಪಿಯ ಪತ್ರ ಮೊದಲು ಉತ್ತರ ಕೊಡಬೇಕಾದದ್ದು ಈ ಹೆದರಿಕೆಗೆ, ಟೋಪಿಯ ಮಾತು ಆಮೇಲೆ.

ಹುಡುಗಿಗೆ ಇದ್ದದ್ದು ಅಲೊಪೇಶಿಯ ಏರಿಯೇಟ. ಅಲೊಪೇಶಿಯ ಎಂದರೆ ಕೂದಲು ಉದುರುವಿಕೆ, ಏರಿಯೇಟ ಎಂದರೆ ತೇಪೆ ತೇಪೆಯಾಗಿ. (ಅಲೊಪೇಶಿಯ ಎಂಬ ಹೆಸರಿನ ಮೂಲ ಗ್ರೀಕರ 'ನರಿ' ಎಂಬ ಪದ. ಕಜ್ಜಿ ಹತ್ತಿದ ನರಿಯ ಮೈಗೂದಲು ಉದುರುವುದನ್ನು ನೋಡಿ ಇಟ್ಟದ್ದು.) ಆಯುರ್ವೇದದಲ್ಲಿ ಇದು ಇಂದ್ರಲುಪ್ತ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಬರುತ್ತದೆ. ನಮ್ಮ ಜನ 'ಹುಳ ತಿಂದಿದೆ' ಎನ್ನುತ್ತಾರೆ, ತಮಿಳರೂ 'ಪುಳುವೆಟ್ಟು', ಹುಳ ಕಡಿದದ್ದು, ಎಂದೇ ಕರೆಯುತ್ತಾರೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಯಾರೋ ಮೇಯ್ದ ಹಾಗೆ ಕಾಣುವುದರಿಂದ ಈ ಹೆಸರು ಬಂದಿರಬೇಕು. ಆದರೆ ಇಲ್ಲಿ ಹುಳವೂ ಇಲ್ಲ, ಶಿಲೀಂಧ್ರವೂ ಇಲ್ಲ, ಹೊರಗಿನಿಂದ ಬಂದ ಯಾವ ಜೀವಿಯೂ ಇಲ್ಲ. ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನನಗೆ ಎಷ್ಟು ಸಲ ವಿವರಿಸಿದರೂ ಬೇಸರವಾಗದ ಭಾಗ ಇದು.

ಪ್ರತಿ ಕೂದಲೂ ಚರ್ಮದೊಳಗಿನ ಒಂದು ಸಣ್ಣ ಗುಣಿಯಲ್ಲಿ ಹುಟ್ಟುತ್ತದೆ. ಗುಣಿಯ ತಳ ಈರುಳ್ಳಿ ಗಡ್ಡೆಯಂತೆ ಉಬ್ಬಿರುತ್ತದೆ, ಕೂದಲು ತಯಾರಾಗುವುದು ಅಲ್ಲೇ. ನಮ್ಮ ರಕ್ತದ ಬಿಳಿ ಕಣಗಳು ಮೈಯೆಲ್ಲ ಸುತ್ತಾಡಿ, ಜೀವಕೋಶಗಳ ಮೇಲ್ಮೈಯಲ್ಲಿರುವ ಗುರುತುಗಳನ್ನು ತಡಕಿ, ನಮ್ಮದು ಯಾವುದು ಪರರದು ಯಾವುದು ಎಂದು ತಪಾಸಣೆ ಮಾಡುತ್ತಲೇ ಇರುತ್ತವೆ. ಬೆಳೆಯುತ್ತಿರುವ ಕೂದಲಿನ ಗಡ್ಡೆಗೆ ಮಾತ್ರ ಇಲ್ಲೊಂದು ವಿನಾಯಿತಿ ಇದೆ. ಅದು ತನ್ನ ಗುರುತುಗಳನ್ನು ಬಹುಮಟ್ಟಿಗೆ ಮರೆಮಾಡಿಕೊಂಡು ಕಾವಲುಗಾರರ ಕಣ್ಣಿಗೆ ಬೀಳದೆ ಇರುತ್ತದೆ. ಕಣ್ಣಿನ ಒಳಭಾಗಕ್ಕೂ ಇಂಥದೇ ರಕ್ಷಣೆಯಿದೆ. ಆನುವಂಶಿಕವಾಗಿ ಒಲವಿರುವ ಕೆಲವರಲ್ಲಿ ಒಂದು ದಿನ ಈ ಮರೆ ಸರಿದುಬಿಡುತ್ತದೆ. ಟಿ ಕಣಗಳೆಂಬ ಬಿಳಿ ರಕ್ತಕಣಗಳು ಗಡ್ಡೆಯನ್ನು ಪರಕೀಯವೆಂದು ತಿಳಿದು ಮುತ್ತುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುನೊಣಗಳು ಮುತ್ತಿದಂತೆಯೇ ಕಾಣುತ್ತದೆ. ಗಡ್ಡೆ ಕೆಲಸ ನಿಲ್ಲಿಸುತ್ತದೆ. ಅರ್ಧ ತಯಾರಾದ ಕೂದಲು ಬುಡದಲ್ಲಿ ಸಣಕಲಾಗಿ, ತುದಿಯಲ್ಲಿ ದಪ್ಪಗಿದ್ದು, ಆಶ್ಚರ್ಯಸೂಚಕ ಚಿಹ್ನೆಯ ಆಕಾರದಲ್ಲಿ ಮುರಿಯುತ್ತದೆ. ತೇಪೆಯ ಅಂಚಿನಲ್ಲಿ ಅಂಥ ನಾಲ್ಕು ಕೂದಲು ಕಂಡರೆ ರೋಗ ಗುರುತಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮುತ್ತಿಗೆ ನಡೆಯುವುದು ತಳದ ಗಡ್ಡೆಯಲ್ಲಿ. ಹೊಸ ಕೂದಲಿಗೆ ಮೂಲವಾದ ಕಾಂಡಕೋಶಗಳಿರುವುದು ಗುಣಿಯ ಮೇಲ್ಭಾಗದಲ್ಲಿ, ಅವಕ್ಕೆ ಪೆಟ್ಟು ಬೀಳುವುದಿಲ್ಲ. ಮುತ್ತಿದವರು ಹಿಂದೆ ಸರಿದರೆ ಗುಣಿ ಮತ್ತೆ ಕೆಲಸ ಶುರುಮಾಡಬಲ್ಲದು. ಬೋಳು ಜಾಗ ನುಣ್ಣಗಿದೆ ಎಂದಾಕ್ಷಣ 'ಬೇರೇ ಸತ್ತಿದೆ' ಎಂದು ಅಳುವ ತಾಯಂದಿರಿಗೆ ನಾನು ಹೇಳುವುದು ಇದನ್ನೇ. ಮರಳಿ ಬರುವ ಕೂದಲು ಮೊದಮೊದಲು ಬೆಳ್ಳಗಿರುವುದುಂಟು, ಬಣ್ಣ ನಿಧಾನಕ್ಕೆ ತುಂಬಿಕೊಳ್ಳುತ್ತದೆ.

ಹುಳಕಡ್ಡಿಯ ತೇಪೆ ಬೇರೆ ಥರ. ಅಲ್ಲಿ ಚರ್ಮ ಹೊಟ್ಟು ಹೊಟ್ಟಾಗಿರುತ್ತದೆ, ತುರಿಸುತ್ತದೆ, ಕೂದಲು ಚರ್ಮದ ಮಟ್ಟಕ್ಕೇ ತುಂಡಾಗಿ ಕಪ್ಪು ಚುಕ್ಕೆಗಳಂತೆ ಉಳಿಯುತ್ತದೆ, ಎಷ್ಟೋ ಸಲ ಕತ್ತಿನ ಹಿಂದೆ ಗಂಟು ಸಿಗುತ್ತದೆ. ಅನುಮಾನವಿದ್ದರೆ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಶಿಲೀಂಧ್ರವಿದ್ದರೆ ಎಳೆಗಳು, ಬೀಜಾಣುಗಳು ಕಾಣುತ್ತವೆ. ಈ ಹುಡುಗಿಯ ತಲೆಯಲ್ಲಿ ಕೆರೆಯಲು ಹೊಟ್ಟೇ ಇರಲಿಲ್ಲ. ಉಗುರುಗಳ ಮೇಲೆ ಮಾತ್ರ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿದ್ದವು. ಅಲೊಪೇಶಿಯದಲ್ಲಿ ಅದೂ ಕಾಣಸಿಗುವ ಗುರುತೇ.

ಇಷ್ಟನ್ನು ಕೇಳಿದ ಮೇಲೆ ತಂದೆ ಹೊಸ ಪತ್ರ ಬರೆದರು. ಅವರ ಒಪ್ಪಿಗೆಯಿಂದ ಇಲ್ಲಿ ಕೊಡುತ್ತಿದ್ದೇನೆ.

'ಮಾನ್ಯ ತರಗತಿ ಶಿಕ್ಷಕಿಯವರಿಗೆ,
ನಾಲ್ಕನೇ ತರಗತಿ, ಎ ವಿಭಾಗ.

ವಿಷಯ: ನನ್ನ ಮಗಳು ತರಗತಿಯಲ್ಲಿ ಟೋಪಿ ಧರಿಸಲು ಅನುಮತಿ ಕೋರಿ.

ಮೇಡಂ, ಹಿಂದಿನ ಚೀಟಿಯಲ್ಲಿ ನಾನು ವಿಷಯವನ್ನು ಸರಿಯಾಗಿ ತಿಳಿಸಿರಲಿಲ್ಲ. ಮಗಳಿಗೆ ಇರುವುದು ಅಲೊಪೇಶಿಯ ಏರಿಯೇಟ. ಇದು ಹುಳಕಡ್ಡಿಯಲ್ಲ, ಅಂಟುವ ಸೋಂಕೂ ಅಲ್ಲ. ದೇಹದ ರೋಗನಿರೋಧಕ ಕಣಗಳು ಕೂದಲಿನ ಬುಡವನ್ನು ತಪ್ಪಾಗಿ ಗುರಿ ಮಾಡಿಕೊಂಡದ್ದರಿಂದ ಕೂದಲು ಉದುರಿದೆ. ಪಕ್ಕದಲ್ಲಿ ಕೂರುವುದರಿಂದ, ಮುಟ್ಟುವುದರಿಂದ, ಜೊತೆಯಲ್ಲಿ ಊಟ ಮಾಡುವುದರಿಂದ ಯಾರಿಗೂ ಬರುವುದಿಲ್ಲ. ಚರ್ಮರೋಗ ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಆದ್ದರಿಂದ ಅವಳನ್ನು ಮೊದಲು ಕೂರುತ್ತಿದ್ದ ಜಾಗದಲ್ಲೇ ಗೆಳತಿಯರ ಜೊತೆ ಕೂರಿಸಬೇಕಾಗಿ ಕೋರುತ್ತೇನೆ.

ಚಿಕಿತ್ಸೆ ನಡೆಯುತ್ತಿದೆ. ಕೂದಲು ಯಾವಾಗ ಬರುತ್ತದೆ ಎಂದು ಈಗಲೇ ಹೇಳಲು ಬರುವುದಿಲ್ಲ. ಬಂದು ಮತ್ತೆ ಉದುರಲೂಬಹುದು. ಹಾಗಾಗಿ ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಅನುಮತಿ ಕೇಳುತ್ತಿದ್ದೇನೆ. ಟೋಪಿ ಸಮವಸ್ತ್ರದ ನೀಲಿ ಬಣ್ಣದ ತೆಳು ಹತ್ತಿ ಬಟ್ಟೆಯದು. ದಿನಕ್ಕೊಂದು ಒಗೆದದ್ದು ಹಾಕಲು ಎರಡು ಹೊಲಿಸಿದ್ದೇವೆ. ಪ್ರಾರ್ಥನೆ, ಆಟದ ಅವಧಿ, ಗುಂಪು ಫೋಟೋ ಸಮಯದಲ್ಲೂ ಅವಳು ಬಯಸಿದರೆ ಟೋಪಿ ಇರಲಿ. ತೆಗೆಯಬೇಕೆಂದು ಅನ್ನಿಸಿದಾಗ ಅವಳೇ ತೆಗೆಯುತ್ತಾಳೆ, ಬೇರೆ ಯಾರೂ ಎಳೆಯದಂತೆ ನೋಡಿಕೊಳ್ಳಿ. ಬೇರೆ ಶಿಕ್ಷಕರಿಗೂ ಈ ವಿಷಯ ತಾವೇ ತಿಳಿಸಿದರೆ ಅವಳು ಪ್ರತಿ ಅವಧಿಯಲ್ಲೂ ಕಾರಣ ಹೇಳುವುದು ತಪ್ಪುತ್ತದೆ.

ತರಗತಿಗೆ ಹೇಳುವುದಾದರೆ ಅವಳು ಒಪ್ಪಿರುವ ಮಾತು ಇಷ್ಟು: "ನನ್ನ ಕೂದಲು ಸ್ವಲ್ಪ ದಿನ ರಜೆ ಹಾಕಿದೆ. ನನಗೆ ನೋವಿಲ್ಲ, ನಿಮಗೆ ಅಂಟಲ್ಲ." ಇದನ್ನು ಅವಳಿಲ್ಲದಾಗ ಹೇಳಬೇಡಿ ಎಂದು ಕೇಳಿಕೊಂಡಿದ್ದಾಳೆ.

ತಮ್ಮ ವಿಶ್ವಾಸಿ,'

ಬರೆಯುವಾಗ ತಂದೆ ಒಂದೆರಡು ಕಡೆ ತಡೆದು ನಿಂತರು. ಮೊದಲನೆಯದು ಅವಧಿಯ ಮಾತು. 'ಡಾಕ್ಟ್ರೇ, ವಾಸಿಯಾಗೋವರೆಗೆ ಅಂತ ಬರೆದರೆ ಸಾಕಲ್ವಾ?' ಎಂದರು. ಸಾಲದು. ಒಂದೆರಡು ಸಣ್ಣ ತೇಪೆಗಳಷ್ಟೇ ಇದ್ದರೆ ಬಹಳ ಮಂದಿಗೆ ಒಂದು ವರ್ಷದೊಳಗೆ ಕೂದಲು ಮರಳುತ್ತದೆ, ಚಿಕಿತ್ಸೆಯಿಲ್ಲದೆಯೂ ಮರಳುವುದುಂಟು. ಆದರೆ ಎಳೆಯ ವಯಸ್ಸಿನಲ್ಲಿ ಶುರುವಾಗಿ, ಉಗುರಿನಲ್ಲೂ ಗುರುತಿದ್ದರೆ ಹಾದಿ ದೀರ್ಘವಾಗಬಹುದು. ಕೆಲವು ಮಕ್ಕಳಿಗೆ ತಲೆಯ ಕೂದಲೆಲ್ಲ, ಹುಬ್ಬು ಸಹ ಹೋಗುತ್ತದೆ. 'ವಾಸಿಯಾಗುವವರೆಗೆ' ಎಂದರೆ ಎರಡು ತಿಂಗಳ ನಂತರ ಶಿಕ್ಷಕಿ 'ಇನ್ನೂ ಆಗಿಲ್ಲವೇ' ಎಂದು ಕೇಳುತ್ತಾರೆ, ಹುಡುಗಿಗೆ ತಾನೇ ತಡ ಮಾಡಿದಂತೆ ಅನ್ನಿಸುತ್ತದೆ.

ಎರಡನೆಯದು, ಟೋಪಿಯಿಂದಲೇ ಕೂದಲು ಇನ್ನಷ್ಟು ಉದುರುತ್ತದೆಯೇ ಎಂಬ ಅಳುಕು. ಮನೆಯ ಅಜ್ಜಿ 'ತಲೆಗೆ ಗಾಳಿಯಾಡಬೇಕು' ಎಂದಿದ್ದರಂತೆ. ಕೂದಲ ಬುಡಕ್ಕೆ ಬೇಕಾದ ಆಮ್ಲಜನಕ ರಕ್ತದಿಂದ ಬರುತ್ತದೆ, ಹೊರಗಿನ ಗಾಳಿಯಿಂದಲ್ಲ. ಬಿಗಿಯಿಲ್ಲದ ಹತ್ತಿ ಟೋಪಿಯಿಂದ ಯಾವ ನಷ್ಟವೂ ಇಲ್ಲ. ಬೋಳು ನೆತ್ತಿ ಬಿಸಿಲಿಗೆ ಸುಡುವುದರಿಂದ ಆಟದ ಮೈದಾನದಲ್ಲಿ ಅದು ಬೇಕೇ ಬೇಕು. ಕೂದಲಿಗೆ ನಿಜವಾಗಿ ಕೇಡು ಮಾಡುವುದು ಬೇರೆ. ಗುಲಗಂಜಿ ಅರೆದು ಹಚ್ಚುವವರು, ಬೆಳ್ಳುಳ್ಳಿ ಉಜ್ಜಿ ಉಜ್ಜಿ ಬೊಬ್ಬೆ ಎಬ್ಬಿಸಿಕೊಂಡವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ಗುಲಗಂಜಿಯ ಬೀಜ ವಿಷ, ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆಯುವುದೇ ಅಪಾಯ. ಈ ಹುಡುಗಿಗೆ ನಾನು ಬರೆದುಕೊಟ್ಟದ್ದು ರಾತ್ರಿ ತೇಪೆಗಳ ಮೇಲೆ ಮಾತ್ರ ಹಚ್ಚುವ ಸ್ಟೀರಾಯ್ಡ್ ಲೋಷನ್. ತೇಪೆಗೇ ಚುಚ್ಚುವ ಇಂಜೆಕ್ಷನ್ ದೊಡ್ಡವರಿಗೆ ಒಗ್ಗುತ್ತದೆ, ಈ ವಯಸ್ಸಿನವರು ಆ ನೋವು ತಡೆಯುವುದು ಕಷ್ಟ. ಈಚೆಗೆ ಬಂದಿರುವ ಬ್ಯಾರಿಸಿಟಿನಿಬ್‌ನಂಥ ಮಾತ್ರೆಗಳು ಟಿ ಕಣಗಳ ಸಂದೇಶಗಳನ್ನೇ ತಡೆಯುತ್ತವೆ, ಅಮೆರಿಕದಲ್ಲಿ 2022ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ತೀವ್ರವಾಗಿ ಉದುರಿದ ವಯಸ್ಕರಿಗೆ. ಮೂರು ತೇಪೆಯ ಮಗುವಿಗೆ ಅದರ ಮಾತು ಬೇಡ.

ಪತ್ರ ತಲುಪಿದ ಸೋಮವಾರವೇ ಅವಳ ಜಾಗ ಅವಳಿಗೆ ಮರಳಿತು. ಪ್ರಮಾಣಪತ್ರ ನೋಡಿದ ಶಿಕ್ಷಕಿ 'ಮೊದಲೇ ಹೀಗೆ ಬರೆದಿದ್ದರೆ ಚೆನ್ನಾಗಿತ್ತು' ಎಂದರಂತೆ. ದೀಪಾವಳಿಯ ಹೊತ್ತಿಗೆ ಕಿವಿಯ ಮೇಲಿನ ತೇಪೆಯಲ್ಲಿ ಬಿಳಿಯ ನವಿರು ಬಂತು, ಸಂಕ್ರಾಂತಿಗೆ ಅದು ಕಪ್ಪಾಯಿತು. ಅದೇ ವಾರ ಹಿಂದಲೆಯಲ್ಲಿ ಹೊಸದೊಂದು ತೇಪೆ ಎದ್ದಿತು. ಪತ್ರದಲ್ಲಿ ಮೊದಲೇ ಬರೆದಿದ್ದರಿಂದ ಶಾಲೆಯಲ್ಲಿ ಯಾರೂ ಹೌಹಾರಲಿಲ್ಲ.

ಈ ಅಧ್ಯಾಯ ಓದುತ್ತಿರುವ ಶಿಕ್ಷಕರಲ್ಲಿ ಒಂದು ಬೇಡಿಕೆ: ಹುಳಕಡ್ಡಿಯ ತಲೆಯ ಚಿತ್ರವನ್ನೂ ಅಲೊಪೇಶಿಯದ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಮ್ಮೆ ನೋಡಿ. ಹೊಟ್ಟು, ತುರಿಕೆ, ಕಪ್ಪು ಚುಕ್ಕೆ ಇದ್ದ ಮಗುವನ್ನು ಆದಷ್ಟು ಬೇಗ ವೈದ್ಯರಲ್ಲಿಗೆ ಕಳುಹಿಸಲು ಹೇಳಿ, ಅದಕ್ಕೆ ಕೆಲವು ವಾರ ಹೊಟ್ಟೆಗೆ ಮಾತ್ರೆ ಬೇಕಾಗುತ್ತದೆ, ಮುಲಾಮು ಸಾಲದು. ಚರ್ಮ ನುಣ್ಣಗಿದ್ದರೆ ಆ ಮಗುವನ್ನೂ ವೈದ್ಯರು ನೋಡಲಿ, ಆದರೆ ಬೆಂಚು ಬದಲಿಸಬೇಡಿ.