ಬೆಳ್ಳಗಿರೋದೆಲ್ಲ ಹಾಲಲ್ಲ: ಫೋನಿನ ಅಂಗಡಿಗೆ ದುಡ್ಡು ಕಳಿಸೋ ಮೊದಲು



ಸಂತೆಯಲ್ಲಿ ನಾವು ಬದನೆಕಾಯಿ ಕೊಳ್ಳುವಾಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತೇವೆ. ಹುಳುಕಿದ್ದರೆ ಅಲ್ಲೇ ಬಿಟ್ಟು ಮುಂದಿನ ಗುಡ್ಡೆಗೆ ಹೋಗುತ್ತೇವೆ. ಫೋನಿನ ಅಂಗಡಿಯಲ್ಲಿ ವಸ್ತು ಕೈಗೆ ಸಿಗೋದಿಲ್ಲ, ಬರೀ ಚಿತ್ರ ಕಾಣುತ್ತೆ. ಹಾಗಾಗಿ ಅಲ್ಲಿ ವಸ್ತುವನ್ನಲ್ಲ, ಅಂಗಡಿಯನ್ನೇ ತಿರುಗಿಸಿ ನೋಡಬೇಕು. ಅದು ಹೇಗೆ ಅಂತ ನಮ್ಮ ಮನೆಯಲ್ಲೇ ನಡೆದ ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ನಮ್ಮ ಚಿಕ್ಕಮ್ಮ ಹೊಲಿಗೆ ಕಲಿತಿದ್ದಾರೆ. ಮೆಷಿನ್ ತಗೊಳ್ಳೋಕೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದ್ದರು. ಪೇಟೆ ಅಂಗಡಿಯಲ್ಲಿ ಮೋಟಾರ್ ಸಮೇತ 6,500 ರೂಪಾಯಿ ಹೇಳಿದ್ದರು. ಅಷ್ಟರಲ್ಲಿ ಫೇಸ್‌ಬುಕ್‌ನಲ್ಲಿ ಅದೇ ಕಂಪನಿಯ ಅದೇ ಮೆಷಿನ್ 1,199 ರೂಪಾಯಿ ಅಂತ ಜಾಹೀರಾತು ಬಂತು. ಒತ್ತಿದರೆ ದೊಡ್ಡ ಆನ್‌ಲೈನ್ ಅಂಗಡಿಯಂತೆಯೇ ಕಾಣುವ ಪುಟ. ಮೇಲೆ ಕೆಂಪು ಅಕ್ಷರದಲ್ಲಿ ಒಂದು ಗಡಿಯಾರ: “ಇನ್ನು 10 ನಿಮಿಷ ಮಾತ್ರ”.

1. ಗಡಿಯಾರ

ಗಡಿಯಾರ 7 ನಿಮಿಷಕ್ಕೆ ಬಂದಾಗ ನಾನು ಪುಟ ಮುಚ್ಚಿ ಮತ್ತೆ ತೆರೆದೆ. ಮತ್ತೆ 10ರಿಂದ ಶುರುವಾಯಿತು! ಯಾರು ಯಾವಾಗ ತೆರೆದರೂ ಅವರಿಗೆ ಹತ್ತೇ ನಿಮಿಷ. ನಿಜವಾದ ಮಾರಾಟಕ್ಕೆ ಮುಗಿಯುವ ಹೊತ್ತು ಎಲ್ಲರಿಗೂ ಒಂದೇ ಇರಬೇಕಲ್ಲವೇ? ಮನೆಯಲ್ಲಿ ಇನ್ನೊಬ್ಬರನ್ನು ಕೇಳೋಕೆ ಪುರುಸೊತ್ತು ಸಿಗಬಾರದು, ಅದಕ್ಕೇ ಈ ಗಡಿಯಾರ.

2. ವಿಳಾಸ

ಆಮೇಲೆ ಪುಟದ ಮೇಲಿನ ವಿಳಾಸ ನೋಡಿದೆವು. ಅದು ಹೆಚ್ಚು ಕಡಿಮೆ ಹೀಗಿತ್ತು:

```
flipkart.com.holige-offer.example/machine
```

(ಯಾರೂ ಒತ್ತಿ ನೋಡಬಾರದು ಅಂತ ಹೆಸರು ಬದಲಾಯಿಸಿ `.example` ಅಂತ ಬರೆದಿದ್ದೇನೆ. ಮೋಸದ ಪುಟಗಳಲ್ಲಿ ಆ ಜಾಗದಲ್ಲಿ `.shop`, `.top`, `.com` ಏನು ಬೇಕಾದರೂ ಇರಬಹುದು.)

ಚಿಕ್ಕಮ್ಮ ಮೊದಲ ಪದ ನೋಡಿ “ಫ್ಲಿಪ್‌ಕಾರ್ಟೇ ಅಲ್ಲವೇನೋ” ಅಂದರು. ಆದರೆ ಈ ವಿಳಾಸವನ್ನು ಎಡದಿಂದ ಓದಬಾರದು. ಅಂಚೆ ಲಕೋಟೆಯಲ್ಲಿ ಊರು, ಜಿಲ್ಲೆ ಕೊನೆಗೆ ಬರುತ್ತಲ್ಲ, ಇದೂ ಹಾಗೆಯೇ. ಶುರುವಿನಲ್ಲಿ `https://` ಇದ್ದರೆ ಅದನ್ನು ಬಿಟ್ಟು, ಆಮೇಲಿನ ಮೊದಲ ಓರೆಗೆರೆ `/` ಎಲ್ಲಿದೆ ಹುಡುಕಿ. ಅಲ್ಲಿಂದ ಎಡಕ್ಕೆ ಹಿಂದೆ ಬಂದು ಚುಕ್ಕಿಯ ಆಚೆ ಈಚೆ ಇರುವ ಕೊನೆಯ ಎರಡು ತುಂಡು ಓದಿ. ಇಲ್ಲಿ ಸಿಗೋದು `holige-offer.example`. ಅದೇ ಅಂಗಡಿಯ ನಿಜವಾದ ಹೆಸರು. ಅದರ ಎಡಗಡೆ ಒಡೆಯ ತನಗೆ ಬೇಕಾದ್ದು ಬರೆದುಕೊಳ್ಳಬಹುದು, ಯಾರೂ ತಡೆಯೋದಿಲ್ಲ. ಕೊನೆಯಲ್ಲಿ `.co.in` ಅಥವಾ `.gov.in` ಥರದ್ದು ಇದ್ದರೆ ಮೂರು ತುಂಡು ಓದಬೇಕು.

ವಿಳಾಸದಲ್ಲಿ `https` ಇದೆ, ಬೀಗದ ಗುರುತಿದೆ, ಹಾಗಾಗಿ ಸರಿ ಅಂತ ಕೆಲವರು ಹೇಳುತ್ತಾರೆ. ಅದು ಅಂಟು ಹಾಕಿದ ಲಕೋಟೆ ಇದ್ದ ಹಾಗೆ. ದಾರಿಯಲ್ಲಿ ಬೇರೆಯವರು ಓದಲಾರರು ಅಷ್ಟೇ. ಲಕೋಟೆ ತಲುಪಿದವನು ಒಳ್ಳೆಯವನು ಅಂತ ಅದು ಹೇಳೋದಿಲ್ಲ. ಕಳ್ಳನ ಪುಟಕ್ಕೂ `https` ಪುಕ್ಕಟೆ ಸಿಗುತ್ತೆ.

3. ಮಾರುವವರು ಯಾರು?

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯವರು ತಮ್ಮ ಸಂಸ್ಥೆಯ ಹೆಸರು, ಕಚೇರಿ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಎಲ್ಲ ಕೊಡಬೇಕು. ನಾವು ಪುಟದ ತಳದವರೆಗೂ ಹೋದೆವು. ಒಂದು ವಾಟ್ಸಾಪ್ ನಂಬರ್, “ಬೆಂಗಳೂರು” ಎಂಬ ಒಂದು ಪದ, ಒಂದು ಜಿಎಸ್‌ಟಿ ಸಂಖ್ಯೆ, ಅಷ್ಟೇ.

ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅಲ್ಲಿದ್ದದ್ದು 24, ಅಂದರೆ ಗುಜರಾತ್! ಸರ್ಕಾರದ `gst.gov.in` ತಾಣದಲ್ಲಿ ಆ ಸಂಖ್ಯೆ ಹಾಕಿ ಹುಡುಕಿದಾಗ ಬೇರೆ ಯಾರದೋ ಬಟ್ಟೆ ವ್ಯಾಪಾರದ ಹೆಸರು ಬಂತು. ಪಾಪ, ಅವರ ಸಂಖ್ಯೆಯನ್ನು ಕದ್ದು ಅಂಟಿಸಿದ್ದರು. ಹಾಗಾಗಿ ಸಂಖ್ಯೆ ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಹೆಸರು ವಿಳಾಸ ಎರಡೂ ಹೊಂದಬೇಕು. ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ಇಲ್ಲದೆಯೂ ಇರಬಹುದು. ಇಲ್ಲದವರೆಲ್ಲ ಕಳ್ಳರಲ್ಲ, ಕದ್ದ ಸಂಖ್ಯೆ ಹಾಕಿದವರು ಮಾತ್ರ ಖಂಡಿತ ಕಳ್ಳರು.

4. ದುಡ್ಡು ಯಾರ ಹೆಸರಿಗೆ?

ಮನೆಗೆ ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ ಅಲ್ಲಿರಲಿಲ್ಲ. “ಪೇ” ಒತ್ತಿದರೆ ನೇರ ಯುಪಿಐ ಆ್ಯಪ್ ತೆರೆಯಿತು. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ದುಡ್ಡು ಪಡೆಯುವವರ ಬ್ಯಾಂಕ್ ಖಾತೆಯ ಹೆಸರು ಕಾಣುತ್ತೆ. ಅದನ್ನು ಓದದೆ ಮುಂದೆ ಹೋಗಬೇಡಿ. ಅಲ್ಲಿ ಕಂಪನಿಯ ಹೆಸರಿರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ದೊಡ್ಡ ಅಂಗಡಿಯ ದುಡ್ಡು ಒಬ್ಬರ ಸ್ವಂತ ಖಾತೆಗೆ ಯಾಕೆ ಹೋಗಬೇಕು? ಚಿಕ್ಕಮ್ಮ ಪಿನ್ ಒತ್ತಲಿಲ್ಲ. ಸಂಘದ ದುಡ್ಡು ಉಳಿಯಿತು.

ಇನ್‌ಸ್ಟಾಗ್ರಾಮ್ ಸೀರೆ ಅಂಗಡಿಗಳು

ಇಲ್ಲಿ ವೆಬ್ ವಿಳಾಸವೇ ಇರೋದಿಲ್ಲ, ಬರೀ ಖಾತೆ ಮತ್ತು ಚಿತ್ರ. ಮನೆಯಿಂದಲೇ ಪ್ರಾಮಾಣಿಕವಾಗಿ ಸೀರೆ ಮಾರೋ ಅಕ್ಕಂದಿರೂ ಇಲ್ಲಿದ್ದಾರೆ. ಅವರ ದುಡ್ಡು ಸ್ವಂತ ಖಾತೆಗೇ ಹೋಗುತ್ತೆ, ಹಾಗಾಗಿ ಹೆಸರು ನೋಡಿದರೆ ಸಾಲದು. ಖಾತೆಯ ಮೇಲಿನ ಮೂರು ಚುಕ್ಕಿ ಒತ್ತಿ `About this account` ನೋಡಿ. ಖಾತೆ ಯಾವಾಗ ಶುರುವಾಯಿತು ಅಂತ ಅಲ್ಲಿರುತ್ತೆ. ಎಷ್ಟು ಸಲ ಹೆಸರು ಬದಲಾಯಿತು ಅಂತಲೂ ಕೆಲವು ಖಾತೆಗಳಲ್ಲಿ ಕಾಣುತ್ತೆ. ಹೋದ ತಿಂಗಳು ಶುರುವಾಗಿ “20 ವರ್ಷದ ನಂಬಿಕೆ” ಅಂತ ಬರೆದಿದ್ದರೆ ಲೆಕ್ಕ ತಪ್ಪಿತಲ್ಲ! ಚಿತ್ರಗಳ ಕೆಳಗೆ ಯಾರೂ ಬರೆಯದ ಹಾಗೆ ಕಾಮೆಂಟ್ ಮುಚ್ಚಿದ್ದರೂ ಅನುಮಾನ ಪಡಿ.

ಇನ್ನೂ ಸುಲಭದ ಪರೀಕ್ಷೆ ಒಂದಿದೆ. “ಆ ಸೀರೆ ಮೇಲೆ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟು ಒಂದು ವಿಡಿಯೋ ಕಳಿಸಿ” ಅಂತ ಕೇಳಿ. ಸೀರೆ ಇದ್ದವರಿಗೆ ಎರಡು ನಿಮಿಷದ ಕೆಲಸ. ಚಿತ್ರ ಕದ್ದವರು ನೆಪ ಹೇಳುತ್ತಾರೆ, ಇಲ್ಲವೇ ಬೈದು ಬ್ಲಾಕ್ ಮಾಡುತ್ತಾರೆ.

ಮೋಸಗಾರರು ಮೊದಲು ಸ್ವಲ್ಪವೇ ಕೇಳುತ್ತಾರೆ. ಬುಕಿಂಗ್‌ಗೆ 200, ಆಮೇಲೆ ಕೊರಿಯರ್‌ಗೆ 500, ಆಮೇಲೆ ತೆರಿಗೆ. ಕೊನೆಗೆ “ನಿಮ್ಮ ದುಡ್ಡು ವಾಪಸ್ ಕೊಡ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಅನ್ನುತ್ತಾರೆ. ನೆನಪಿಡಿ, ದುಡ್ಡು ಪಡೆಯೋಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಬರೋದಿಲ್ಲ.

ಈಗಾಗಲೇ ಕಳಿಸಿಬಿಟ್ಟಿದ್ದರೆ?

ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಅಥವಾ `cybercrime.gov.in`ನಲ್ಲಿ ದೂರು ಕೊಡಿ. ಬ್ಯಾಂಕಿಗೂ ತಿಳಿಸಿ. ಯುಪಿಐ ರಸೀದಿಯಲ್ಲಿರುವ 12 ಅಂಕಿಯ ಸಂಖ್ಯೆ, ಆ ಪುಟದ ವಿಳಾಸ, ಮಾತಾಡಿದ ಮೆಸೇಜುಗಳು ಇವನ್ನು ಅಳಿಸದೆ ಇಟ್ಟುಕೊಳ್ಳಿ. ದುಡ್ಡು ಇನ್ನೂ ಅವರ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ಅವರು ಅದನ್ನು ಬೇಗ ಬೇರೆ ಖಾತೆಗಳಿಗೆ ಹಂಚಿಬಿಡುತ್ತಾರೆ, ಆದ್ದರಿಂದ ನಾಳೆ ಮಾಡೋಣ ಅನ್ನಬೇಡಿ.

ಇದನ್ನು ಓದಿದವರು ಇವತ್ತು ಮನೆಯಲ್ಲಿ ಒಂದು ಕೆಲಸ ಮಾಡಿ. ಈ 1930 ಅನ್ನೋ ನಂಬರನ್ನು ಅಪ್ಪ, ಅಮ್ಮ, ಅಜ್ಜಿಯರ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಡಿ.